ಲುಂಗೊ ಕೇಳಿದವನಿಗೆ ಎರಡನೇ ಡಿಕಾಕ್ಷನ್

ಬೆಳಗಿನ ಪಾಳಿಯ ಸೈರನ್ ಕೂಗಿದರೆ ಮತ್ತಿಗಿರಿಯ ಓಣಿಯ ನಾಯಿಗಳೂ ಜತೆಗೆ ಊಳಿಡುತ್ತಿದ್ದವು. ಅಷ್ಟರಲ್ಲಿ ಆದಿಲಕ್ಷ್ಮಮ್ಮ ತಲೆ ಬಾಚಿ, ಕಾರ್ಖಾನೆಯ ಅತಿಥಿಗೃಹದ ಅಡುಗೆಮನೆಗೆ ಹೊರಟಿರುತ್ತಿದ್ದಳು. ಅದು ಎಂಬತ್ತಾರನೆಯ ಇಸವಿ. ಯಂತ್ರ ಕೂರಿಸಲು ಇಟಲಿಯಿಂದ ಮೂವರು ಬಂದಿದ್ದರು. ಬರುವಾಗ ತಮ್ಮದೇ ಕಾಫಿ ಯಂತ್ರವನ್ನೂ ತಂದಿದ್ದರು. ಅವರು ಮೆಚ್ಚಿ ಒಂದು ಮಾತು ಹೇಳಿದರೆ ಅವಳ ದಿನಗೂಲಿ ಕೆಲಸ ಖಾಯಂ ಆಗುವುದಿತ್ತು.

ಸ್ಟೋರ್ಸ್ ಗುಮಾಸ್ತ ಅಶ್ವತ್ಥಪ್ಪ ಅವಳ ತವರು ಉದ್ದನಪಲ್ಲಿಯವನು. ಇಟಲಿಯವರು ಕೇಳುವ ಕಾಫಿಗಳ ಹೆಸರನ್ನು ಕಪ್ಪು ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ಗೋಡೆಗೆ ತೂಗುಹಾಕಿದ.

"ಎಸ್ಪ್ರೆಸೊ ಅಂದ್ರೆ ಬರೀ ಡಿಕಾಕ್ಷನ್. ರಿಸ್ಟ್ರೆಟೊಗೆ ನೀರು ಕಮ್ಮಿ, ಬಿರ್‍ನೆ ನಿಲ್ಸ್‌ಬೇಕು. ಲುಂಗೊಗೆ ನೀರು ಜಾಸ್ತಿ. ಮಕಿಯಾಟೊ ಅಂದ್ರೆ ಎಸ್ಪ್ರೆಸೊ ಮ್ಯಾಲೆ ಒಂದ್ ಚಮಚ ಹಾಲಿನ ನೊರೆ, ಬೊಟ್ಟು ಇಟ್ಟಂಗೆ. ತಿಳೀತೇನಕ್ಕಾ?"

"ನೀನು ಚಡ್ಡಿ ಹಾಕೋಕ್ ಮುಂಚೆಯಿಂದ ಕಾಫಿ ಕಾಸ್ತಿದೀನಿ ಕಣ್ಲಾ. ನಂಗೇ ಹೇಳ್ಕೊಡ್ತೀಯಾ?"

ಮೂವರಲ್ಲಿ ಹಿರಿಯನಾದ ಬ್ರೂನೊ ದಿನವೂ ಲುಂಗೊ ಕೇಳುತ್ತಿದ್ದ. ನೀರು ಜಾಸ್ತಿ ಎಂದರೆ ಅವಳಿಗೆ ಗೊತ್ತಿದ್ದುದು ಒಂದೇ: ಇಳಿದ ಪುಡಿಯ ಮೇಲೆ ಮತ್ತೊಮ್ಮೆ ಬಿಸಿನೀರು. ಉಳಿದಿಬ್ಬರಿಗೆ ಎಸ್ಪ್ರೆಸೊ ಇಳಿಸಿ, ಅದೇ ಪುಡಿಯಲ್ಲಿ ಅವನ ಲೋಟ ತುಂಬಿಸಿದಳು. ಅವನು ಮೂರು ದಿನ ಅದನ್ನೇ ಕುಡಿದ.

ನಾಲ್ಕನೆಯ ದಿನ ಅವನೇ ಅಡುಗೆಮನೆಗೆ ಬಂದ. ಕಾಫಿ ಯಂತ್ರ ಕೆಟ್ಟಿದೆಯೆಂದುಕೊಂಡಿದ್ದ. ಯಂತ್ರದ ಹಿಡಿಯ ತುದಿಯ ಬಟ್ಟಲಲ್ಲಿದ್ದ ಒದ್ದೆ ಪುಡಿಯನ್ನು ತಟ್ಟಿ ಚೆಲ್ಲಿದ. ಎಸ್ಪ್ರೆಸೊಗೆ ಹಾಕುವಷ್ಟೇ ಹೊಸ ಪುಡಿ ತುಂಬಿ, ಒತ್ತಿ, ಗುಂಡಿ ಅದುಮಿದ. ಎಸ್ಪ್ರೆಸೊ ನಿಲ್ಲಿಸುವ ಹೊತ್ತು ದಾಟಿದರೂ ನೀರನ್ನು ಹರಿಯಬಿಟ್ಟ. ಎರಡರಷ್ಟು ಇಳಿದ ಮೇಲೆ ನಿಲ್ಲಿಸಿ, ನಗುತ್ತಾ ಅವಳ ಕೈಗೇ ಕೊಟ್ಟ.

ಕಹಿಯಾಗಿತ್ತು. ಆದರೆ ಸಪ್ಪೆಯಾಗಿರಲಿಲ್ಲ.

ಸಪ್ಪೆಯ ರುಚಿ ಅವಳಿಗೆ ಗೊತ್ತಿತ್ತು. ಹುಡುಗಿಯಾಗಿದ್ದಾಗ ಕಳೆ ಕೀಳಲು ಹೋದ ಮನೆಯಲ್ಲಿ ಒಳಗಿನವರಿಗೆ ಮೊದಲನೇ ಡಿಕಾಕ್ಷನ್, ಹಿತ್ತಲಲ್ಲಿ ಕೂತವರಿಗೆ ಎರಡನೆಯದು. ಈಗ ತನ್ನ ಕೈಯಿಂದಲೇ, ಸಮುದ್ರ ದಾಟಿ ಬಂದ ಮನುಷ್ಯನನ್ನು ಹಿತ್ತಲಲ್ಲಿ ಕೂರಿಸಿದ್ದಳು. ಕಿವಿಯ ತುದಿ ಸುಟ್ಟಂತಾಯಿತು. ಲೋಟ ಕೆಳಗಿಡಲೂ ತೋಚಲಿಲ್ಲ.

ಮಧ್ಯಾಹ್ನ ಅಶ್ವತ್ಥಪ್ಪ ಓಡಿ ಬಂದ. "ಅಕ್ಕಾ, ಗೆದ್ಬುಟ್ಟೆ! ಮಿಷಿನ್ ಕೆಟ್ಟಿತ್ತು, ಹೆಂಗ್ಸು ಒಳ್ಳೇವ್ಳು, ಇವ್ಳನ್ನ ಬಿಡ್ಬೇಡಿ ಅಂತ ಬ್ರೂನೊ ಮ್ಯಾನೇಜರಿಗೆ ಹೇಳವ್ನೆ."

"ಮಿಷಿನ್ ಕೆಟ್ಟಿರ್‍ಲಿಲ್ಲ ಕಣಪ್ಪಾ. ಮೂರು ದಿನ ಅವ್ನಿಗೆ ಎರಡನೇ ಡಿಕಾಕ್ಷನ್ ಕೊಟ್ಟಿದೀನಿ."

ಅವನು ಬಾಗಿಲ ಕಡೆ ನೋಡಿದ. "ಮೆಲ್ಲಗೆ! ಯಾರ್‍ಗೂ ಗೊತ್ತಿಲ್ಲ, ಬಿಡು."

"ನಂಗೊತ್ತಲ್ಲ. ನೀನು ಬಾ, ಅವ್ನಿಗೆ ಇಂಗ್ಲೀಷಲ್ಲಿ ಹೇಳು."

"ಹುಚ್ಚೇನಕ್ಕಾ? ಖಾಯಂ ಕಾಗದ ಟೈಪ್ ಆಗ್ತೈತೆ. ಈಗ ಹೋಗಿ ಹೇಳಿದ್ರೆ ಮ್ಯಾನೇಜರು ಆ ಕಾಗದಾನ..."

ಅವನ ಮಾತು ಮುಗಿಯುವುದರೊಳಗೆ ಅವಳು ಸೆರಗಿಗೆ ಕೈ ಒರೆಸಿಕೊಂಡು, ಬ್ರೂನೊ ಕೂತಿದ್ದ ವರಾಂಡದ ಕಡೆಗೆ ಹೊರಟಾಗಿತ್ತು.