ಫೋಟೊದ ಅಡಿ ಬರೆಯದ ಹೆಸರು

ಮುದ್ದೇಬಿಹಾಳದ ಮಹಿಳಾ ಸಂಘದವರು ಜೋಳದ ಶಾವಿಗೆ ಮಾರುಕಟ್ಟೆಗೆ ಬಿಟ್ಟಾಗ ಪತ್ರಕರ್ತರ ಕಿಟ್ ಮಾಡಿದವನು ನಾನು. ಪ್ರಕಟಣೆ, ಬೆಲೆ-ತೂಕದ ಹಾಳೆ, ರುಚಿಗೊಂದು ಪ್ಯಾಕೆಟ್, ನನ್ನ ನಂಬರು ಎಲ್ಲ ಇಟ್ಟಿದ್ದೆ. ಬಿಡುಗಡೆಯ ಫೋಟೊವನ್ನು ಸಂಜೆ ಕಳಿಸಿದೆ. ಅದರಲ್ಲಿ ಯಾರಿದ್ದಾರೆಂದು ಬರೆಯಲಿಲ್ಲ.

ಮರುದಿನ ಪತ್ರಿಕೆಯ ಫೋಟೊದಲ್ಲಿ ಬಿಡುಗಡೆಗೆ ಬಂದಿದ್ದ ಅತಿಥಿಯಷ್ಟೇ ಇದ್ದರು. ಪಕ್ಕದಲ್ಲಿದ್ದ, ಶಾವಿಗೆಯ ಹದ ಕಂಡುಕೊಂಡ ಸಂಘದ ಅಕ್ಕನನ್ನು ಕತ್ತರಿಸಿದ್ದರು. ವರದಿಗಾರನಿಗೆ ಫೋನಿನಲ್ಲೇ ರೇಗಿದೆ. ಆತ ತಿರುಗಿ ಹೇಳಿದ:

"ಸುದ್ದಿ ಪ್ರಕಟಣಿ ನೋಡಿ ಬರದೇನ್ರಿ, ರೇಟು ಹಾಳಿ ನೋಡಿ ಹಾಕೇನಿ. ಆಕಿ ಹೆಸರು ಕೇಳಾಕ ನಿಮಗ ಎರಡು ಸಲ ಫೋನ್ ಹಚ್ಚಿದ್ದೆ, ನೀವು ಎತ್ತಲಿಲ್ಲ. ಹೆಸರಿಲ್ಲದವರನ್ನ ಪುಟ ಕಟ್ಟೋ ಡೆಸ್ಕಿನವರು ಹೆಂಗ ಹಾಕ್ತಾರ್ರಿ?"

ಪತ್ರಿಕೆ ಹಿಡಿದು ಅಕ್ಕನ ಮನೆಗೆ ಹೋದೆ. ಆಕೆ ಫೋಟೊದ ಕತ್ತರಿಸಿದ ಅಂಚಿನಲ್ಲಿ ಉಳಿದಿದ್ದ ಕೈಯೊಂದರ ಮೇಲೆ ಬೆರಳಿಟ್ಟಳು.

"ಪಾಕೀಟ ಹಿಡದದ್ದು ನನ್ನ ಕೈನ ನೋಡು, ತಮ್ಮಾ."