ಡಾರ್ಕ್ ಅಂದರೆ ಯಾವುದು

ಯಲಹಂಕದ ಡಿಸೈನ್ ಕಾಲೇಜಿನಲ್ಲಿ ಕೊನೆಯ ವರ್ಷ ಓದುವಾಗ ನನಗೆ ಬಣ್ಣದ ಬಗ್ಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಹ್ಯೂ ಎಂದರೆ ಯಾವ ಬಣ್ಣ, ವ್ಯಾಲ್ಯೂ ಎಂದರೆ ಎಷ್ಟು ತಿಳಿ ಎಷ್ಟು ಕಡು, ಸ್ಯಾಚುರೇಶನ್ ಎಂದರೆ ಬಣ್ಣಕ್ಕೆ ಎಷ್ಟು ಕಸುವು. ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಒಪ್ಪಿಸುತ್ತಿದ್ದೆ. ಇಷ್ಟು ಬುದ್ಧಿವಂತೆಯಾದ ನಾನು ಬಾಗಲಗುಂಟೆಯ ಒಬ್ಬ ತಾತನ ಅನ್ನಕ್ಕೆ ಕಲ್ಲು ಹಾಕುವುದರಲ್ಲಿದ್ದೆ.

ತಾತ ಬಟ್ಟೆಗೆ ಬಣ್ಣ ಹಾಕುವವರು. ಮನೆಯ ಹಿಂದೆ ಶೀಟಿನ ಶೆಡ್ಡು, ಎರಡು ದೊಡ್ಡ ಸ್ಟೀಲ್ ಹಂಡೆ, ಒಣಹಾಕಲು ಹಗ್ಗ. ಕಣ್ಣಿನ ಪೊರೆ ತೆಗೆಸಿ ಕೆಲವು ತಿಂಗಳಾಗಿತ್ತು. ಇನ್ನು ಅಪ್ಪನಿಗೆ ಬಣ್ಣ ತಿಳಿಯುವುದಿಲ್ಲ ಎಂದು ಅವರ ಮಗ ತೀರ್ಮಾನ ಮಾಡಿ, ಶೆಡ್ಡನ್ನು ನೀರಿನ ಕ್ಯಾನ್ ಮಾರುವವನಿಗೆ ಬಾಡಿಗೆಗೆ ಕೊಡಲು ಮಾತಾಡಿದ್ದ. "ನಿನ್ ಬಟ್ಟೆ ಸರಿ ಬಂದ್ರೆ ಶೆಡ್ಡು ನಂದು ಕಣವ್ವ, ಇಲ್ಲಾಂದ್ರೆ ಕ್ಯಾನಿಂದು" ಎಂದು ತಾತ ನಗುತ್ತಲೇ ಹೇಳಿದ್ದರು. ನಗು ಮೇಲುಮೇಲಿನದು ಎಂಬುದು ನನಗೂ ಗೊತ್ತಾಗಿತ್ತು.

ಕೊನೆಯ ವರ್ಷಕ್ಕೆ ನಾನು ಮಾಡಿ ತೋರಿಸಬೇಕಿದ್ದ ಕಲೆಕ್ಷನ್ನಿನ ಉಡುಪುಗಳೆಲ್ಲ ಒಂದೇ ಬಣ್ಣ, ಹಳೆಯ ಹೆಂಚಿನ ಬಣ್ಣ. ಬಟ್ಟೆ ಮಾತ್ರ ಮೂರು: ಕೈಮಗ್ಗದ ಹತ್ತಿ, ರೇಷ್ಮೆ, ವೆಲ್ವೆಟ್. ಹತ್ತಿ ಮೊದಲ ಸಲಕ್ಕೇ ಸರಿ ಬಂತು. ವೆಲ್ವೆಟ್ಟಿನ ನವಿರು ಎಳೆಗಳು ಬೆಳಕನ್ನು ನುಂಗಿಕೊಳ್ಳುತ್ತವಲ್ಲ, ಹಾಗಾಗಿ ಅದು ಕಪ್ಪಗೆ ಕಂಡಿತು. "ಲೈಟ್ ಮಾಡಿ" ಎಂದೆ. ಇನ್ನೊಂದು ತುಂಡಿಗೆ ಬಣ್ಣ ಕಡಿಮೆ ಹಾಕಿದರು, ಹತ್ತಿಗೆ ಹೊಂದಿತು. ನನ್ನ ಜಂಬ ಒಂದು ಮೊಳ ಬೆಳೆಯಿತು.

ಆಮೇಲೆ ರೇಷ್ಮೆ. ಹತ್ತಿಯ ಪಕ್ಕ ಹಿಡಿದರೆ ಮದುವೆ ಮನೆಯಲ್ಲಿ ಜೋರಾಗಿ ಮಾತಾಡುವ ಅತ್ತೆಯ ಹಾಗೆ ಇದೊಂದೇ ಕಾಣುತ್ತಿತ್ತು.

"ತಾತ, ಇದು ಕಣ್ಣಿಗೆ ಹೊಡೀತಿದೆ. ಸ್ವಲ್ಪ ಡಾರ್ಕ್ ಮಾಡಿ."

ಅದೇ ಬಣ್ಣ ಇನ್ನಷ್ಟು ಹಾಕಿ ಕುದಿಸಿದರು. ಮಾರನೆಯ ದಿನ ಅದು ಇನ್ನೂ ಜೋರಾಗಿತ್ತು. ಮತ್ತೆ ಡಾರ್ಕ್ ಎಂದೆ, ಮತ್ತೆ ಕುದಿಸಿದರು. ಮೂರನೆಯ ದಿನ ಹಗ್ಗದ ಮೇಲಿನ ರೇಷ್ಮೆ ನೋಡಿ ನನಗೆ ತಲೆ ಕೆಟ್ಟುಹೋಯಿತು. ಕಾಲೇಜಿನ ಜ್ಯೂರಿಯ ಮುಂದೆ ಉಡುಪು ಇಡಲು ವಾರವಷ್ಟೇ ಉಳಿದಿತ್ತು.

"ತಾತ, ನಿಮ್ಗೆ ಕಣ್ ಕಾಣ್ಸುತ್ತೋ ಇಲ್ವೋ?"

ಗೇಟಿನ ಹತ್ತಿರ ಬೈಕು ತೊಳೆಯುತ್ತಿದ್ದ ಮಗ ನಲ್ಲಿ ನಿಲ್ಲಿಸಿ ಒಳಗೆ ಬಂದ. "ನಾನ್ ಹೇಳಿರ್ಲಿಲ್ವಾಪ್ಪ" ಎಂದ, ಮೆತ್ತಗೆ. ತಾತ ಪಂಚೆಗೆ ಕೈ ಒರೆಸಿಕೊಂಡರು. ನಾನಾಡಿದ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವರು ಪ್ರತಿ ಸಲ ಕುದಿಸಿದಾಗಲೂ ರೇಷ್ಮೆಯ ಒಂದು ಚೂರು ಕತ್ತರಿಸಿ ಇಟ್ಟಿದ್ದರು. ಮೊದಲನೆಯ ಚೂರನ್ನೂ ಕೊನೆಯದನ್ನೂ ಹತ್ತಿಯ ಮೇಲೆ ಇಟ್ಟರು.

"ಕಣ್ಣು ಅರ್ಧ ಮುಚ್ಚಿ ನೋಡವ್ವ."

ನೋಡಿದೆ. ಮೊದಲ ಚೂರಿನ ಅಂಚು ಹತ್ತಿಯೊಳಗೆ ಕರಗಿ ಕಾಣದಂತಾಯಿತು. ಕೊನೆಯದು ಮಾತ್ರ ಕಡು ತೇಪೆಯಾಗಿ ಉಳಿಯಿತು.

"ತಿಳಿ ಕಡು ಮೊದಲ್ನೇ ದಿನಾನೇ ಸರಿಯಾಗಿ ಕೂತಿತ್ತು. ನೀನು ಡಾರ್ಕ್ ಅಂದೆ, ನಾನು ಬಣ್ಣ ಸುರಿದೆ. ನಿಂಗೆ ಬೇಕಿದ್ದಿದ್ದು ಡಾರ್ಕ್ ಅಲ್ಲ, ಮಂಕು. ಹಂಗಂತ ಹೇಳಿದ್ರೆ ಒಂದ್ ಚಿಟಿಕೆ ನೀಲಿ ಹಾಕ್ತಿದ್ದೆ."

ಮಂಕು. ಮೂರು ವರ್ಷ ಸ್ಯಾಚುರೇಶನ್ ಎಂದು ಉರು ಹೊಡೆದವಳಿಗೆ ಈ ಮಾತು ಬಾಯಿಗೇ ಬಂದಿರಲಿಲ್ಲ. ಹೆಂಚಿನ ಬಣ್ಣಕ್ಕೆ ನೀಲಿ ಎದುರಾಳಿ, ಸ್ವಲ್ಪ ಬೆರೆತರೆ ಕಸುವು ಇಳಿಯುತ್ತದೆ ಎಂದು ಕಾಲೇಜಿನಲ್ಲಿ ಬಣ್ಣಗಳ ಚಕ್ರ ಬರೆದು ತುಂಬಿದ್ದೂ ನಾನೇ.

ಹೊಸ ರೇಷ್ಮೆ ತಂದೆ. ನೀಲಿ ಬಿದ್ದರೆ ಕಡುವೂ ಆಗುತ್ತದೆಂದು ತಾತ ಹೆಂಚಿನ ಬಣ್ಣವನ್ನು ಒಂದಿಷ್ಟು ಕಡಿಮೆ ಮಾಡಿ, ಚಿಟಿಕೆ ನೀಲಿ ಹಾಕಿದರು. ಒಣಗಿದ ಮೇಲೆ ರೇಷ್ಮೆ ಹತ್ತಿಯ ಪಕ್ಕ ತೆಪ್ಪಗೆ ಕೂತಿತು. ನಾನು ಮಡಚಲು ಹೋದರೆ ತಾತ ಬಿಡಲಿಲ್ಲ.

"ಒಂದ್ ಕೂದ್ಲೆಳೆ ಕೆಂಪಿಗೆ ತಿರುಗೈತೆ."

ನನಗೇನೂ ಕಾಣಲಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮಗನಿಗೂ ಕಾಣಲಿಲ್ಲ. ತಾತ ಅದರದೊಂದು ಚೂರು ಕತ್ತರಿಸಿಟ್ಟು, ಒಂದಿಷ್ಟು ಹಳದಿ ಹಾಕಿ ರೇಷ್ಮೆಯನ್ನು ಮತ್ತೆ ಹಂಡೆಗಿಳಿಸಿದರು. ಒಣಗಿದ ರೇಷ್ಮೆಯನ್ನೂ ಆ ಚೂರನ್ನೂ ಬಿಸಿಲಿಗೆ ಹಿಡಿದಾಗಲಷ್ಟೇ ನಮ್ಮಿಬ್ಬರಿಗೂ ಚೂರಿನ ಕೆಂಪು ಕಂಡಿದ್ದು.

ಮಗನ ಮುಂದೆ ಆಡಿದ್ದ ಮಾತನ್ನು ಮಗನ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. "ಅಣ್ಣ, ತಾತನ ಕಣ್ಣು ಚೆನ್ನಾಗಿದೆ. ನಾನೇ ತಪ್ಪು ಹೇಳಿದ್ದು, ಅವ್ರು ನಾನ್ ಹೇಳ್ದಂಗೇ ಮಾಡಿದಾರೆ" ಎಂದೆ.

ಅವನು ಹತ್ತಿ, ರೇಷ್ಮೆ, ವೆಲ್ವೆಟ್ಟನ್ನು ಸಾಲಾಗಿ ಇಟ್ಟು ಅಪ್ಪನ ಹಾಗೆಯೇ ಕಣ್ಣು ಅರ್ಧ ಮುಚ್ಚಿ ನೋಡಿದ. ಆಮೇಲೆ ಅಂಗಳಕ್ಕೆ ಹೋಗಿ ಫೋನು ಮಾಡಿದ. ತಾತ ಹಂಡೆ ತಿಕ್ಕುವುದನ್ನು ನಿಲ್ಲಿಸಿ ಕಿವಿಗೊಟ್ಟರು.

"ಶೆಡ್ ಖಾಲಿ ಇಲ್ಲ ಗುರು" ಎನ್ನುತ್ತಿದ್ದ ಮಗ. "ಅಪ್ಪ ಕೆಲ್ಸ ಮಾಡ್ತಾವ್ರೆ."