ನಾಲ್ಕನೆಯ ಆಯ್ಕೆಯನ್ನು ನಾನು ಒಪ್ಪಲಿಲ್ಲ

ಉತ್ತರ ತಪ್ಪು ಎಂದು ಎದ್ದು ನಿಂತೆ. ಅಥವಾ ನಾನು ಎದ್ದು ನಿಲ್ಲಲೇ ಇಲ್ಲವೇನೋ, ಕೂತಲ್ಲಿಂದಲೇ ಕೂಗಿದೆನೇನೋ. ನೆನಪಿನಲ್ಲಂತೂ ನಿಂತಿದ್ದೇನೆ; ಬೆಂಚು ಹಿಂದಕ್ಕೆ ಜರುಗಿದ ಸದ್ದೂ ಕೇಳುತ್ತದೆ. ಆದರೆ ಆ ಕೋಣೆಯಲ್ಲಿದ್ದದ್ದು ಪ್ಲಾಸ್ಟಿಕ್ ಕುರ್ಚಿಗಳು.

ಕಡೂರಿನ ಬೇಕರಿಯೊಂದರ ಮಹಡಿಯಲ್ಲಿ ನಮ್ಮ ಬ್ಯಾಂಕ್ ಪರೀಕ್ಷೆಯ ಕೋಚಿಂಗ್. ನಾನು ಅಜ್ಜಂಪುರದಿಂದ ರೈಲಿನಲ್ಲಿ ಬರುತ್ತಿದ್ದೆ, ಸರ್ ತರೀಕೆರೆಯಿಂದ ಬೈಕಿನಲ್ಲಿ. ಅಲ್ಲಿ ನಡೆದ ಒಂದು ಟೆಸ್ಟಿನಲ್ಲಿ ಮೊದಲ ಇಪ್ಪತ್ತರೊಳಗೆ ಬಂದವರಿಗೆ ಮಾತ್ರ ವಿಶೇಷ ಬ್ಯಾಚು. ನಾನು ಇಪ್ಪತ್ತೊಂದನೆಯವಳು. ಒಂದೇ ಅಂಕ ಮುಂದಿದ್ದ ಇಪ್ಪತ್ತನೆಯವಳು ನನ್ನ ಪಕ್ಕದಲ್ಲೇ ಕೂತಿದ್ದ ಹಿರೇನಲ್ಲೂರಿನ ಗೆಳತಿ.

ತಕರಾರು ಬಂದದ್ದು ಪ್ಯಾರಾ ಮುಗಿಸುವ ಪ್ರಶ್ನೆಯಲ್ಲಿ. ಪರೀಕ್ಷೆಯಲ್ಲಿ ಇವು ಇಂಗ್ಲಿಷಿನಲ್ಲಿ ಇರುತ್ತವೆ. ಸರ್ ಅಭ್ಯಾಸಕ್ಕೆಂದು ಕನ್ನಡದಲ್ಲಿ ಬರೆದುಕೊಡುತ್ತಿದ್ದರು. ‘ಬಯಲಿನ ರೈತರು ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಹಾಕುತ್ತಾರೆ. ಎರಡೂ ಒಂದೇ ಹೊತ್ತಿಗೆ ಮಳೆ ಕೇಳುವುದಿಲ್ಲ. ಮಳೆ ತಡವಾಗಿ ರಾಗಿ ಸೊರಗಿದರೂ ಅವರೆ ನಿಲ್ಲಬಹುದು.’ ಇದಕ್ಕೆ ಕೊನೆಯ ವಾಕ್ಯ ಬೇಕು. ರಾಗಿ ಆರೋಗ್ಯಕ್ಕೆ ಒಳ್ಳೆಯದು ಎಂಬ ಮೊದಲನೆಯದೂ, ಸರ್ಕಾರ ಕಾಲುವೆ ತೋಡಬೇಕು ಎಂಬ ಎರಡನೆಯದೂ ಹೊಸ ಮಾತು ತರುತ್ತಿದ್ದವು, ಬಿಟ್ಟೆ. ಮೂರು: ‘ಹೀಗೆ ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುವ ಸಾಧ್ಯತೆ ಉಳಿಯುತ್ತದೆ.’ ನಾಲ್ಕು: ‘ಆದ್ದರಿಂದ ಅಕ್ಕಡಿ ಹಾಕಿದವರಿಗೆ ಎಂದೂ ನಷ್ಟವಿಲ್ಲ.’

ಸರ್ ಹೇಳಿದ ಉತ್ತರ ನಾಲ್ಕು. ಎಲ್ಲರ ಮನೆಯಲ್ಲೂ ಅಕ್ಕಡಿ ಹಾಕುವವರೇ. ಹೆಚ್ಚಿನವರು ಅದನ್ನೇ ಬರೆದಿದ್ದರು, ಗೆಳತಿಯೂ.

“ತಪ್ಪು ಸರ್. ಮೂರು.”

“ಯಾಕಮ್ಮಾ, ನಿಮ್ಮನೇಲಿ ಅಕ್ಕಡಿ ಹಾಕಲ್ವಾ?”

ಎಲ್ಲರೂ ನಕ್ಕರು. ಗೆಳತಿ ನನ್ನ ಚೂಡಿದಾರ್ ಜಗ್ಗಿದಳು. “ಲೇ, ಸುಮ್ನೆ ಕೂತ್ಕೊಳೇ. ನಮ್ಮಜ್ಜಿ ಕಾಲ್ದಿಂದ ಒಂದ್ ವರ್ಷನೂ ಲಾಸ್ ಆಗಿಲ್ಲ.”

ನಮ್ಮ ಹೊಲದಲ್ಲಿ ಒಂದು ವರ್ಷ ಎರಡೂ ಹೋಗಿದ್ದವು. ಅದನ್ನು ಹೇಳಿದ್ದರೆ ಎಲ್ಲರೂ ಅಯ್ಯೋ ಅನ್ನುತ್ತಿದ್ದರು. ನನಗೆ ಅಯ್ಯೋ ಬೇಕಿರಲಿಲ್ಲ.

“ನಿಮ್ಮಜ್ಜಿನೂ ಪ್ಯಾರಾದಲ್ಲಿಲ್ಲ, ನಮ್ಮ ಹೊಲನೂ ಇಲ್ಲ,” ಎಂದೆ. “ಅದ್ರಲ್ಲಿ ಇರೋದು ‘ನಿಲ್ಲಬಹುದು’ ಅಂತ ಸರ್. ಅಲ್ಲಿಂದ ‘ಎಂದೂ’ಗೆ ಹೆಂಗೆ ಹಾರ್ತೀರಿ? ಕೊನೇ ವಾಕ್ಯ ಪ್ಯಾರಾ ದಾಟಿ ಓಡಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದು.”

“ಆನ್ಸರ್ ಕೀ ಬರ್ದಿರೋನು ನಾನು ಕಣಮ್ಮಾ.”

“ಬರ್ದೋರು ಯಾರಾದ್ರೂ ತಪ್ಪು ತಪ್ಪೇ ಸರ್.”

ಈ ಕೊನೆಯ ಮಾತನ್ನು ಆಗಲೇ ಆಡಿದೆನೋ, ರೈಲಿನಲ್ಲಿ ವಾಪಸ್ ಬರುವಾಗ ಹೊಸೆದುಕೊಂಡೆನೋ. ಸರ್ ಪ್ಯಾರಾ ಮತ್ತೆ ಓದಿದ್ದು, ಬೋರ್ಡಿನ ನಾಲ್ಕನ್ನು ಅಂಗೈಯಲ್ಲೇ ಒರೆಸಿದ್ದು ಮಾತ್ರ ನಿಜ. ಅಂಕ ತಿದ್ದಿದಾಗ ನಾನು ಇಪ್ಪತ್ತರ ಒಳಗೆ ಬಂದೆ, ಗೆಳತಿ ಹೊರಗೆ ಹೋದಳು. ನಾಳೆ ಅದೇ ಪ್ರಶ್ನೆ ಕೊಟ್ಟರೂ ಮೂರನ್ನೇ ಬರೆಯುತ್ತೇನೆ.

ಮುಂದಿನ ವಾರದಿಂದ ಅವಳು ಕೋಚಿಂಗಿಗೆ ಬರಲಿಲ್ಲ. ಈ ಪ್ಯಾರಾಕ್ಕೂ ಕೊನೆಗೊಂದು ‘ಆದ್ದರಿಂದ’ ಬೇಕೆನ್ನುವವರಿದ್ದಾರೆ. ನಾನು ಬರೆಯುವುದಿಲ್ಲ. ಅವಳು ಯಾಕೆ ಬಿಟ್ಟಳೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ.